ನಂಬದ ಡೈರೆಕ್ಟರ್‌ಗಳ ಮುಂದೆ ಕ್ವಾರ್ಟರ್ ಜಾಹೀರಾತಿನ ಲೆಕ್ಕ: ಭಾಷಣ ಹೇಗೆ ಕಟ್ಟಲಿ?

ಸುಮಾ_ಪ್ರಚಾರ
ನಮಸ್ಕಾರ. ನಾನು ಆನ್‌ಲೈನ್‌ನಲ್ಲಿ ಮನೆಬಳಕೆ ವಸ್ತು ಮಾರುವ ಕಂಪನಿಯ ಮಾರ್ಕೆಟಿಂಗ್ ಹೆಡ್. ಮುಂದಿನ ಬೋರ್ಡ್ ಮೀಟಿಂಗ್‌ನಲ್ಲಿ ಈ ಕ್ವಾರ್ಟರ್‌ನ ಜಾಹೀರಾತು ಫಲಿತಾಂಶ ಹೇಳಬೇಕು. ನನಗೆ ಸಿಗುವುದು 15 ನಿಮಿಷ, ಅದರಲ್ಲಿ ಪ್ರಶ್ನೆಗಳೂ ಸೇರಿವೆ.

ತೊಂದರೆ ಏನೆಂದರೆ, ಡೈರೆಕ್ಟರ್‌ಗಳಿಗೆ ನಮ್ಮ ಅಂಕಿಗಳ ಮೇಲೆ ನಂಬಿಕೆ ಇಲ್ಲ. ಕಳೆದ ಸಲ ಫೈನಾನ್ಸ್ ಡೈರೆಕ್ಟರ್ ನೇರವಾಗಿ ಕೇಳಿದರು: "ಜಾಹೀರಾತು ಇಲ್ಲದಿದ್ದರೂ ಈ ಜನ ಕೊಳ್ಳುತ್ತಿದ್ದರು ಅಲ್ವಾ?"

ಲೆಕ್ಕ ಸುಲಭವಾಗಲಿ ಅಂತ ಒಟ್ಟು ಖರ್ಚನ್ನು 100 ಅಂತ ಇಟ್ಟುಕೊಳ್ಳಿ. ನಮ್ಮದೇ ಹೆಸರು ಹುಡುಕುವವರಿಗೆ ತೋರಿಸುವ ಸರ್ಚ್ ಜಾಹೀರಾತಿಗೆ 15. ಬೇರೆ ಸರ್ಚ್‌ಗೆ 30. ಸೋಷಿಯಲ್ ಮೀಡಿಯಾಗೆ 40. ಸೈಟ್‌ಗೆ ಬಂದು ಹೋದವರನ್ನು ಮತ್ತೆ ಕರೆಯುವ ರಿಟಾರ್ಗೆಟಿಂಗ್‌ಗೆ 15. ಇವುಗಳ ಡ್ಯಾಶ್‌ಬೋರ್ಡ್‌ಗಳು ತಾವು ತಂದ ಮಾರಾಟ ಅಂತ ತೋರಿಸುವುದು ಇದೇ ಕ್ರಮದಲ್ಲಿ 150, 130, 180, 120. ಕೂಡಿದರೆ 580.

ಭಾಷಣದ ಹಂದರ ಹೇಗಿರಬೇಕು? ಎಲ್ಲಿಂದ ಶುರು ಮಾಡಲಿ?

ಗಟ್ಟಿದನಿ
ಮೇಡಂ, ಮೊದಲ ಒಂದು ನಿಮಿಷ ಸ್ಲೈಡ್ ಹಾಕಲೇಬೇಡಿ. ಎದ್ದು ನಿಂತು, ಕಣ್ಣಲ್ಲಿ ಕಣ್ಣಿಟ್ಟು ನಿಧಾನವಾಗಿ ಮಾತಾಡಿ. ಕೈ ಕಟ್ಟಿಕೊಳ್ಳಬೇಡಿ. ಒಂದು ಸ್ಲೈಡ್‌ಗೆ ಆರು ಸಾಲಿಗಿಂತ ಜಾಸ್ತಿ ಬೇಡ. ಮನೆಯಲ್ಲಿ ಒಮ್ಮೆ ಜೋರಾಗಿ ಓದಿ ರೆಕಾರ್ಡ್ ಮಾಡಿಕೊಂಡು ಕೇಳಿ, ಎಲ್ಲಿ ತಡವರಿಸುತ್ತೀರಿ ಅಂತ ಗೊತ್ತಾಗುತ್ತದೆ.

ಸುಮಾ_ಪ್ರಚಾರ
ಧನ್ಯವಾದ ಸರ್. ಮಾತಾಡುವುದಕ್ಕೆ ನನಗೆ ಭಯ ಇಲ್ಲ. ಏನು ಹೇಳಬೇಕು, ಯಾವುದು ಮೊದಲು, ಯಾವುದು ಆಮೇಲೆ ಎಂಬುದೇ ಪ್ರಶ್ನೆ.

ಕ್ಲಿಕ್‌ರಾಜ
ಇದರಲ್ಲಿ ತಲೆ ಕೆಡಿಸಿಕೊಳ್ಳುವಂಥದ್ದು ಏನೂ ಇಲ್ಲ. 100 ಹಾಕಿದಿರಿ, 580 ಬಂತು. ಅಂದರೆ ರೋವಾಸ್, ಹಾಕಿದ ಪ್ರತಿ 1ಕ್ಕೆ ಬಂದ ಮಾರಾಟ, 5.8. ಒಳ್ಳೆಯ ಅಂಕಿ. ಅದನ್ನೇ ದೊಡ್ಡದಾಗಿ ಮೊದಲ ಸ್ಲೈಡ್‌ನಲ್ಲಿ ಹಾಕಿ. ಆಮೇಲೆ ಚಾನೆಲ್‌ವಾರು ಒಂದೊಂದು ಚಾರ್ಟ್. ಪ್ರತಿ ಮಾರಾಟಕ್ಕೂ ಕ್ಲಿಕ್‌ನ ದಾಖಲೆ ಇದೆ. ಇದು ಊಹೆ ಅಲ್ಲ, ಡೇಟಾ.

ಲೆಕ್ಕದಮನೆ
ಸುಮಾ ಮೇಡಂ, ಒಂದೇ ಪ್ರಶ್ನೆ. ಅದೇ ಕ್ವಾರ್ಟರ್‌ನಲ್ಲಿ ನಿಮ್ಮ ಪುಸ್ತಕದಲ್ಲಿರುವ ಒಟ್ಟು ಆನ್‌ಲೈನ್ ಮಾರಾಟ ಎಷ್ಟು? ಡ್ಯಾಶ್‌ಬೋರ್ಡ್‌ನದ್ದಲ್ಲ, ಅಕೌಂಟ್ಸ್‌ನವರು ಬರೆದದ್ದು.

ಸುಮಾ_ಪ್ರಚಾರ
480. ಜಾಹೀರಾತು ನೋಡದೆ ನೇರವಾಗಿ ಸೈಟ್‌ಗೆ ಬಂದವರು, ಇಮೇಲ್‌ನಿಂದ ಬಂದವರು ಎಲ್ಲ ಸೇರಿ.

ಲೆಕ್ಕದಮನೆ
ಹಾಗಾದರೆ ಕ್ಲಿಕ್‌ರಾಜ ಹೇಳಿದ ಸ್ಲೈಡ್ ಹಾಕಿದ ಕ್ಷಣವೇ ನಿಮ್ಮ ಮೀಟಿಂಗ್ ಮುಗಿಯುತ್ತದೆ. ಕಂಪನಿ ಮಾರಿದ್ದೇ 480, ಜಾಹೀರಾತು ತಂದದ್ದು 580 ಅಂತೀರಾ? ಫೈನಾನ್ಸ್ ಡೈರೆಕ್ಟರ್ ಕೈಯಲ್ಲಿ 480 ಇರುತ್ತದೆ. ಅವರು ಆ ಎರಡು ಅಂಕಿಗಳನ್ನು ಪಕ್ಕಪಕ್ಕ ಇಟ್ಟರೆ ಸಾಕು. ಆಮೇಲೆ ನೀವು ಎಷ್ಟೇ ಸತ್ಯ ಹೇಳಿದರೂ ಯಾರೂ ಕೇಳುವುದಿಲ್ಲ.

ಕ್ಲಿಕ್‌ರಾಜ
ಅದು ಎರಡು ಸಲ ಎಣಿಕೆ ಆಗಿರಬಹುದು ಅಷ್ಟೇ. ಯಾವುದೋ ಒಂದು ಟೂಲ್ ಹಾಕಿ ಕೊನೆಯ ಕ್ಲಿಕ್‌ಗೆ ಮಾತ್ರ ಲೆಕ್ಕ ಕೊಟ್ಟರೆ ಸರಿಹೋಗುತ್ತದೆ.

ಅಳತೆಗೋಲು
ಕ್ಲಿಕ್‌ರಾಜ ಅರ್ಧ ಸರಿ. ಎರಡು ಸಲ ಎಣಿಕೆ ಆಗಿರುವುದು ನಿಜ. ಒಬ್ಬರು ಸೋಮವಾರ ಸೋಷಿಯಲ್ ಜಾಹೀರಾತು ಒತ್ತುತ್ತಾರೆ, ಕೊಳ್ಳುವುದಿಲ್ಲ. ಬುಧವಾರ ನಿಮ್ಮ ಹೆಸರು ಹುಡುಕಿ ಸರ್ಚ್ ಜಾಹೀರಾತು ಒತ್ತಿ ಬಂದು ಕೊಳ್ಳುತ್ತಾರೆ. ಮೆಟಾ ಜಾಹೀರಾತಿನಲ್ಲಿ ಸಾಮಾನ್ಯವಾಗಿ ಇರುವ ಸೆಟ್ಟಿಂಗ್ ಪ್ರಕಾರ, ಒತ್ತಿದ 7 ದಿನದೊಳಗೆ ಅಥವಾ ಸುಮ್ನೆ ನೋಡಿದ 1 ದಿನದೊಳಗೆ ಕೊಂಡರೆ ಆ ಮಾರಾಟ ಅವರ ಖಾತೆಗೆ. ಗೂಗಲ್ ಆಡ್ಸ್‌ನಲ್ಲಿ ಕ್ಲಿಕ್ ಆದ 30 ದಿನದವರೆಗೂ ಎಣಿಸುವುದು ಸಾಮಾನ್ಯ. ಇಬ್ಬರೂ ಅದೇ ಮಾರಾಟವನ್ನು ಪೂರ್ತಿ ತಮ್ಮದು ಅಂತಾರೆ. ಒಬ್ಬರಿಗೊಬ್ಬರ ಲೆಕ್ಕ ಗೊತ್ತಿಲ್ಲ. ಜೊತೆಗೆ ರದ್ದಾದ, ವಾಪಸ್ ಬಂದ ಆರ್ಡರ್‌ಗಳು ಪುಸ್ತಕದಲ್ಲಿ ಕಳೆದಿರುತ್ತವೆ, ಡ್ಯಾಶ್‌ಬೋರ್ಡ್‌ನಲ್ಲಿ ಸಾಮಾನ್ಯವಾಗಿ ಕಳೆದಿರುವುದಿಲ್ಲ.

ಆದರೆ ಕೊನೆಯ ಕ್ಲಿಕ್‌ಗೆ ಮಾತ್ರ ಕೊಟ್ಟರೆ ಎರಡು ಸಲ ಎಣಿಸುವುದು ನಿಲ್ಲುತ್ತದೆಯೇ ಹೊರತು ಡೈರೆಕ್ಟರ್ ಕೇಳಿದ ಪ್ರಶ್ನೆಗೆ ಉತ್ತರ ಸಿಗುವುದಿಲ್ಲ. ಅವರು ಕೇಳಿದ್ದು "ಯಾರ ಖಾತೆಗೆ" ಅಂತ ಅಲ್ಲ, "ಇಲ್ಲದಿದ್ದರೆ ಏನಾಗುತ್ತಿತ್ತು" ಅಂತ. ಅದಕ್ಕೆ ಒಂದೇ ದಾರಿ: ಕೆಲವು ಕಡೆ ನಿಲ್ಲಿಸಿ ನೋಡುವುದು. ನೀವು ಅಂಥ ಪರೀಕ್ಷೆ ಏನಾದರೂ ಮಾಡಿದ್ದೀರಾ?

ಸುಮಾ_ಪ್ರಚಾರ
ಮಾಡಿದ್ದೇವೆ, ಸೋಷಿಯಲ್‌ಗೆ ಮಾತ್ರ. ನಾವು ಮಾರುವ ಪ್ರದೇಶಗಳನ್ನು ಎರಡು ಗುಂಪು ಮಾಡಿದೆವು. ಪರೀಕ್ಷೆಗೆ ಮುಂಚಿನ 8 ವಾರ ಎರಡರ ಮಾರಾಟವೂ ಹೆಚ್ಚುಕಡಿಮೆ ಸಮ ಇತ್ತು. ಆಮೇಲೆ 4 ವಾರ ಒಂದು ಗುಂಪಿನಲ್ಲಿ ಸೋಷಿಯಲ್ ಜಾಹೀರಾತು ಪೂರ್ತಿ ನಿಲ್ಲಿಸಿದೆವು. ನಡೆದ ಕಡೆ ಮಾರಾಟ 76, ನಿಲ್ಲಿಸಿದ ಕಡೆ 67. ಆ 4 ವಾರದಲ್ಲಿ ನಡೆದ ಕಡೆ ಸೋಷಿಯಲ್ ಖರ್ಚು 6. ಡ್ಯಾಶ್‌ಬೋರ್ಡ್ ಅಲ್ಲಿ 27 ತಂದೆ ಅಂತ ತೋರಿಸುತ್ತದೆ.

ನಮ್ಮ ಮಾರ್ಜಿನ್ 40 ಶೇಕಡಾ. ನಿಜ ಹೇಳಬೇಕೆಂದರೆ ಇದನ್ನು ಬೋರ್ಡ್ ಮುಂದೆ ಇಡಬೇಕೋ ಬೇಡವೋ ಎಂಬುದೇ ನನ್ನ ದೊಡ್ಡ ಚಿಂತೆ.

ಮೀಟಿಂಗ್‌ಮುಗೀತಾ
ಇಡಲೇಬೇಕು.

ಕ್ಲಿಕ್‌ರಾಜ
ಇಡಬೇಡಿ! ನಂಬಿಕೆ ಇಲ್ಲದವರ ಕೈಗೆ ನೀವೇ ಕತ್ತಿ ಕೊಟ್ಟ ಹಾಗೆ ಆಗುತ್ತದೆ. ಬಜೆಟ್ ಅರ್ಧ ಹೋಗುತ್ತದೆ.

ಅಳತೆಗೋಲು
ಮೊದಲು ಲೆಕ್ಕ ಪೂರ್ತಿ ಮಾಡೋಣ, ಆಮೇಲೆ ಜಗಳ.

ಸೋಷಿಯಲ್ ನಿಜವಾಗಿ ಹೆಚ್ಚಿಸಿದ ಮಾರಾಟ 76 ಕಳೆದು 67, ಅಂದರೆ 9. ಖರ್ಚು 6. ಹಾಕಿದ ಪ್ರತಿ 1ಕ್ಕೆ ಬಂದ ಮಾರಾಟ 1.5. ಡ್ಯಾಶ್‌ಬೋರ್ಡ್ ಹೇಳಿದ್ದು 4.5. ಮೂರು ಪಟ್ಟು ಉಬ್ಬಿದೆ. ಮಾರ್ಜಿನ್ 40 ಶೇಕಡಾ ಆದರೆ, ಹಾಕಿದ 1 ವಾಪಸ್ ಬರಲು 2.5 ಮಾರಾಟ ಬೇಕು. ನಿಮಗೆ ಬಂದದ್ದು 1.5. ಅಂದರೆ ಮೊದಲ ಖರೀದಿಯ ಮಟ್ಟಿಗೆ ಸೋಷಿಯಲ್ ನಷ್ಟದಲ್ಲಿದೆ. ಇಡೀ ಕ್ವಾರ್ಟರ್‌ಗೆ ಹಿಗ್ಗಿಸಿದರೆ 40 ಹಾಕಿ 60 ಮಾರಾಟ, ಅದರ ಮಾರ್ಜಿನ್ 24, ಕೊರತೆ 16.

ಈಗ ಈ 9 ಎಷ್ಟು ಗಟ್ಟಿ ಅಂತ ನೋಡಬೇಕು. ಇದನ್ನು ನೀವು ಮನೆಯಲ್ಲೇ ಮಾಡಬಹುದು. ಜಾಹೀರಾತು ಎರಡೂ ಕಡೆ ಒಂದೇ ಥರ ನಡೆಯುತ್ತಿದ್ದ ಹಳೆಯ ತಿಂಗಳುಗಳನ್ನು ತೆಗೆದುಕೊಳ್ಳಿ. ಅದೇ ಎರಡು ಗುಂಪು, ಯಾವುದಾದರೂ 4 ವಾರ. ಅಲ್ಲಿ ವ್ಯತ್ಯಾಸ ಸೊನ್ನೆ ಬರಬೇಕು, ಆದರೆ ಬರುವುದಿಲ್ಲ. ಎಷ್ಟು ಬರುತ್ತದೆ ಅಂತ ಹಲವು ಸಲ ನೋಡಿ. ಅದೇ ನಿಮ್ಮ ಅಳತೆಯ ಸಹಜ ಅಲುಗಾಟ.

ಸುಮಾ_ಪ್ರಚಾರ
ಸಂಜೆ ಕೂತು ನೋಡಿದೆ. ಒಂದೆರಡು ಕಡೆ 3ರವರೆಗೆ ಹೋಗುತ್ತದೆ, ಕೆಲವು ಸಲ ಈ ಗುಂಪು ಜಾಸ್ತಿ, ಕೆಲವು ಸಲ ಆ ಗುಂಪು. 3 ದಾಟಿದ್ದು ಎಲ್ಲೂ ಕಾಣಲಿಲ್ಲ.

ಅಳತೆಗೋಲು
ಒಳ್ಳೆಯದು. ಹಾಗಾದರೆ 9 ಎಂಬುದು ಸುಮಾರು 6ರಿಂದ 12ರ ನಡುವೆ ಎಲ್ಲೋ ಇದೆ ಅಂತ ಹೇಳಿ. ಪ್ರತಿ 1ಕ್ಕೆ 1ರಿಂದ 2. ಮೇಲಿನ ತುದಿ ಹಿಡಿದರೂ 2.5 ಮುಟ್ಟುವುದಿಲ್ಲ. ಕೆಳಗಿನ ತುದಿ ಹಿಡಿದರೂ ಸೊನ್ನೆ ಅಲ್ಲ. ಈ ಎರಡು ವಾಕ್ಯಗಳೇ ನಿಮ್ಮ ಭಾಷಣದ ನಡುಗಂಬ. "ಸೋಷಿಯಲ್ ಜಾಹೀರಾತು ಕೆಲಸ ಮಾಡುತ್ತದೆ. ಆದರೆ ಈಗಿನ ಖರ್ಚಿನ ಮಟ್ಟದಲ್ಲಿ ಮೊದಲ ಖರೀದಿಯಿಂದಲೇ ತನ್ನ ದುಡ್ಡು ತಾನು ದುಡಿಯುವುದಿಲ್ಲ."

ಒಂದೇ ಅಂಕಿ ಹೇಳಬೇಡಿ, ಅಂತರ ಹೇಳಿ. 1.47 ಅಂತ ಎರಡು ದಶಮಾಂಶ ಹಾಕಿ ತೋರಿಸುವವರನ್ನು ನೋಡಿದ್ದೇನೆ. ಅಷ್ಟು ನಿಖರತೆ ಈ ಅಳತೆಯಲ್ಲಿ ಇಲ್ಲವೇ ಇಲ್ಲ.

ರಶ್ಮಿ_ಬ್ರ್ಯಾಂಡ್
ನನಗೆ ಈ ನಾಲ್ಕು ವಾರದ ಲೆಕ್ಕ ನೋಡಿದರೆ ಸಂಕಟ ಆಗುತ್ತದೆ. ನಾನು ಹಿಂದೆ ಇದ್ದ ಒಂದು ಕಂಪನಿಯಲ್ಲಿ ಹೀಗೇ ಒಂದು ಲೆಕ್ಕ ತೋರಿಸಿ ಎಲ್ಲ ಕಡೆ ಜಾಹೀರಾತು ನಿಲ್ಲಿಸಿದರು. ಮೊದಲ ತಿಂಗಳು ಮಾರಾಟ ಹೆಚ್ಚೇನೂ ಕುಸಿಯಲಿಲ್ಲ, ಎಲ್ಲರೂ ಖುಷಿಪಟ್ಟರು. ಆಮೇಲೆ ಹೊಸ ಗಿರಾಕಿಗಳು ಬರುವುದು ಮೆಲ್ಲಗೆ ಕಡಿಮೆ ಆಯಿತು. ಹಳೆಯ ಗಿರಾಕಿಗಳು ಕೊಳ್ಳುತ್ತಿದ್ದದ್ದರಿಂದ ಒಟ್ಟು ಅಂಕಿಯಲ್ಲಿ ಅದು ಬೇಗ ಕಾಣಲಿಲ್ಲ. ಕಂಡಾಗ ತಡವಾಗಿತ್ತು.

ನಿಲ್ಲಿಸಿದ ಮೊದಲ ವಾರಗಳಲ್ಲಿ ಕೊಂಡವರು ಹಿಂದಿನ ತಿಂಗಳ ಜಾಹೀರಾತು ನೋಡಿದವರೇ ಅಲ್ವಾ? ಅದನ್ನು ಯಾರು ಲೆಕ್ಕ ಹಾಕುತ್ತಾರೆ?

ಲೆಕ್ಕದಮನೆ
ರಶ್ಮಿ ಮೇಡಂ, ಮಾತು ಒಪ್ಪುತ್ತೇನೆ. ಆದರೆ "ದೂರದ ಲಾಭ ಇದೆ, ನಂಬಿ" ಅಂತ ಎಷ್ಟು ಮಾರ್ಕೆಟಿಂಗ್ ಹೆಡ್‌ಗಳು ಹೇಳಿದ್ದಾರೆ ಗೊತ್ತಾ? ಅದಕ್ಕೂ ಒಂದು ಅಂಕಿ ಬೇಕು.

ಇಲ್ಲಿ ಆ ಅಂಕಿ ಹಾಕಬಹುದು. ಕೊರತೆ 16. ಮಾರ್ಜಿನ್ 40 ಶೇಕಡಾ. ಹಾಗಾದರೆ ಜಾಹೀರಾತಿನಿಂದ ಬಂದ ಅದೇ ಜನ ಮುಂದೆ ಇನ್ನೂ 40ರಷ್ಟು ಮಾರಾಟ ಕೊಟ್ಟರೆ ಸರಿಹೋಗುತ್ತದೆ. ಮೊದಲು ಕೊಂಡದ್ದು 60. ಅಂದರೆ ಮೊದಲ ಖರೀದಿಯ ಮೂರನೇ ಎರಡರಷ್ಟು ಮತ್ತೆ ಕೊಳ್ಳಬೇಕು, ಹೊಸ ಜಾಹೀರಾತು ಇಲ್ಲದೆ. ಹೊಸ ಗಿರಾಕಿಗಳು ಮುಂದಿನ ಹನ್ನೆರಡು ತಿಂಗಳಲ್ಲಿ ಎಷ್ಟು ಕೊಳ್ಳುತ್ತಾರೆ ಅಂತ ನಿಮ್ಮ ದಾಖಲೆಯಲ್ಲೇ ಇದೆ. ಫೈನಾನ್ಸ್‌ನವರ ಜೊತೆ ಕೂತು ತೆಗೆಯಿರಿ.

ಅಳತೆಗೋಲು
ಒಂದು ಎಚ್ಚರಿಕೆ. ಆ 60ರಲ್ಲಿ ಎಲ್ಲರೂ ಹೊಸಬರಲ್ಲ. ಹಳೆಯ ಗಿರಾಕಿಗಳೂ ಜಾಹೀರಾತು ನೋಡಿ ಬಂದಿರುತ್ತಾರೆ. ಪರೀಕ್ಷೆಯ ಫಲವನ್ನು ಹೊಸಬರು, ಹಳಬರು ಅಂತ ಬೇರೆ ಮಾಡಿ ನೋಡಿ. ನಿಲ್ಲಿಸಿದ ಕಡೆ ಹೊಸ ಗಿರಾಕಿಗಳೇ ಕಡಿಮೆ ಆಗಿದ್ದರೆ ರಶ್ಮಿ ಅವರ ವಾದಕ್ಕೆ ಬಲ ಬರುತ್ತದೆ. ಹಳಬರ ಖರೀದಿ ಮಾತ್ರ ಕಡಿಮೆ ಆಗಿದ್ದರೆ ಆ ವಾದ ನಿಲ್ಲುವುದಿಲ್ಲ.

ಇನ್ನೊಂದು. ಹಳೆಯ ಜಾಹೀರಾತಿನ ಗುಂಗು ಮೊದಲ ವಾರಗಳಲ್ಲಿ ಉಳಿದಿರುತ್ತದೆ ಎಂಬುದು ಸರಿ. ಅದರಿಂದ 9 ಎಂಬುದು ನಿಜಕ್ಕಿಂತ ಸ್ವಲ್ಪ ಕಡಿಮೆ ಇರಬಹುದು. ವಾರವಾರದ ಅಂತರ ನೋಡಿ. ಮೊದಲ ವಾರ ಚಿಕ್ಕದಾಗಿದ್ದು ನಾಲ್ಕನೇ ವಾರಕ್ಕೆ ದೊಡ್ಡದಾಗುತ್ತಾ ಹೋಗಿದ್ದರೆ ಪರೀಕ್ಷೆ ಬೇಗ ನಿಲ್ಲಿಸಿದ್ದೀರಿ ಅಂತ ಅರ್ಥ.

ಸುಮಾ_ಪ್ರಚಾರ
ಮೊದಲ ವಾರ ಅಂತರ ಚಿಕ್ಕದು. ಎರಡನೆಯದರಿಂದ ಹೆಚ್ಚುಕಡಿಮೆ ಒಂದೇ ಮಟ್ಟ. ಹೊಸಬರು, ಹಳಬರು ಬೇರೆ ಮಾಡಿಲ್ಲ, ನಾಳೆ ತೆಗೆಸುತ್ತೇನೆ.

ಬೋರ್ಡ್‌ರೂಂ_ಹಿರಿಯ
ನಾನು ಕೆಲವು ಕಂಪನಿಗಳ ಬೋರ್ಡ್‌ನಲ್ಲಿ ಕೂತವನು. ಮೇಜಿನ ಆ ಕಡೆಯಿಂದ ಹೇಗೆ ಕಾಣುತ್ತದೆ ಅಂತ ಹೇಳುತ್ತೇನೆ.

ನಮ್ಮ ನಂಬಿಕೆ ಹೋಗುವುದು ಕೆಟ್ಟ ಫಲಿತಾಂಶದಿಂದ ಅಲ್ಲ. ಪ್ರತಿ ಕ್ವಾರ್ಟರ್ ಅಳತೆಗೋಲು ಬದಲಾಗುವುದರಿಂದ. ಒಮ್ಮೆ ಎಷ್ಟು ಜನ ನೋಡಿದರು ಅಂತಾರೆ. ಮುಂದಿನ ಸಲ ಕ್ಲಿಕ್. ಅದೂ ಇಳಿದರೆ ಬ್ರ್ಯಾಂಡ್ ಬಗ್ಗೆ ಜನರ ಅರಿವು. ಯಾವುದು ಚೆನ್ನಾಗಿದೆಯೋ ಅದನ್ನೇ ಆರಿಸಿ ತಂದಿದ್ದಾರೆ ಅಂತ ನಮಗೆ ಗೊತ್ತಾಗುತ್ತದೆ, ಬಾಯಿಬಿಟ್ಟು ಹೇಳುವುದಿಲ್ಲ ಅಷ್ಟೇ.

ಆದ್ದರಿಂದ ಮೇಡಂ, ಕಳೆದ ಸಲ ಏನು ಮಾಡುತ್ತೇನೆ ಅಂದಿದ್ದಿರೋ ಅದನ್ನು ಒಂದು ಸಾಲಿನಲ್ಲಿ ಮೊದಲು ಹೇಳಿ, ಆಗಿದೆಯೋ ಇಲ್ಲವೋ ಹೇಳಿ. ಆಮೇಲೆ ಹೊಸ ಅಳತೆ ತರುವುದಾದರೆ ಯಾಕೆ ಅಂತ ಹೇಳಿ, ಹಳೆಯದನ್ನೂ ಪಕ್ಕದಲ್ಲೇ ತೋರಿಸಿ. ಕೊನೆಗೆ ನಮ್ಮಿಂದ ಏನು ತೀರ್ಮಾನ ಬೇಕು ಅಂತ ಕೇಳಿ. ಮಾಹಿತಿಗಾಗಿ ಮಾತ್ರ ಬಂದವರನ್ನು ನಾವು ಪ್ರಶ್ನೆ ಕೇಳಿ ಕೇಳಿ ಸುಸ್ತು ಮಾಡುತ್ತೇವೆ, ಯಾಕೆಂದರೆ ಬೇರೆ ಕೆಲಸ ಕೊಟ್ಟಿರುವುದಿಲ್ಲ.

ಮತ್ತೆ, ಆ 40 ಶೇಕಡಾ ಮಾರ್ಜಿನ್ ಯಾರದು? ನಿಮ್ಮ ಲೆಕ್ಕವೋ, ಫೈನಾನ್ಸ್‌ನವರ ಲೆಕ್ಕವೋ?

ಸುಮಾ_ಪ್ರಚಾರ
ನಮ್ಮ ತಂಡದ್ದು. ಸರಕಿನ ಬೆಲೆ ಕಳೆದು ತೆಗೆದದ್ದು.

ಲೆಕ್ಕದಮನೆ
ಸಾಗಣೆ, ಪ್ಯಾಕಿಂಗ್, ಪೇಮೆಂಟ್ ಶುಲ್ಕ, ವಾಪಸ್ ಬಂದ ಸರಕಿನ ಖರ್ಚು? ಇವೆಲ್ಲ ಪ್ರತಿ ಆರ್ಡರ್‌ಗೂ ಆಗುವ ಖರ್ಚು. ಕಳೆದರೆ 40 ಇರುವುದಿಲ್ಲ. 33 ಆದರೆ ವಾಪಸ್ ಬರಲು 2.5 ಅಲ್ಲ, ಸುಮಾರು 3 ಬೇಕು. ನಿಮ್ಮ ಇಡೀ ಭಾಷಣ ಈ ಒಂದು ಅಂಕಿಯ ಮೇಲೆ ನಿಂತಿದೆ. ಮೀಟಿಂಗ್‌ಗೆ ಮುಂಚೆಯೇ ಫೈನಾನ್ಸ್ ಡೈರೆಕ್ಟರ್ ಹತ್ತಿರ ಹೋಗಿ, "ಸರ್, ಯಾವ ಮಾರ್ಜಿನ್ ಬಳಸಲಿ?" ಅಂತ ಕೇಳಿ. ಅವರು ಕೊಟ್ಟದ್ದನ್ನೇ ಹಾಕಿ. ತಾವೇ ಕೊಟ್ಟ ಅಂಕಿಯ ಮೇಲೆ ಅವರು ಮೀಟಿಂಗ್‌ನಲ್ಲಿ ಜಗಳ ತೆಗೆಯುವುದಿಲ್ಲ. 580 ಮತ್ತು 480ರ ವ್ಯತ್ಯಾಸವನ್ನೂ ಆಗಲೇ ತೋರಿಸಿಬಿಡಿ.

ಕ್ಲಿಕ್‌ರಾಜ
ಹಾಗೆ ಮುಂಚೆಯೇ ತೋರಿಸಿದರೆ ಅವರು ಮೀಟಿಂಗ್‌ಗೆ ಮೊದಲೇ ಎಲ್ಲರಿಗೂ ಹೇಳಿ ಬಜೆಟ್ ಕತ್ತರಿಸುವ ಯೋಜನೆ ಹಾಕುತ್ತಾರೆ.

ಬೋರ್ಡ್‌ರೂಂ_ಹಿರಿಯ
ಹಾಕಲಿ. ಹೊರಗೆ ಕೇಳಿದ ಕೆಟ್ಟ ಸುದ್ದಿಗಿಂತ ಮೀಟಿಂಗ್ ನಡುವೆ ಥಟ್ಟನೆ ಬಿದ್ದ ಕೆಟ್ಟ ಸುದ್ದಿ ಜಾಸ್ತಿ ಹಾನಿ ಮಾಡುತ್ತದೆ.

ಮೀಟಿಂಗ್‌ಮುಗೀತಾ
ನಮ್ಮ ಆಫೀಸಿನಲ್ಲಿ ಇಂಥ ಪರೀಕ್ಷೆ ಮಾಡೋಣ ಅಂದರೆ ಏಜೆನ್ಸಿಯವರು ಒಪ್ಪಲೇ ಇಲ್ಲ. "ನಡುವೆ ನಿಲ್ಲಿಸಿದರೆ ಅಲ್ಗಾರಿದಂ ಕಲಿತದ್ದೆಲ್ಲ ಹಾಳಾಗುತ್ತದೆ" ಅಂದರು. ಇದು ನಿಜಾನಾ?

ಅಳತೆಗೋಲು
ಸ್ವಲ್ಪ ನಿಜ. ಇಡೀ ಕ್ಯಾಂಪೇನ್ ನಿಲ್ಲಿಸಿ ಮತ್ತೆ ಶುರು ಮಾಡಿದರೆ ಕೆಲವು ದಿನ ಏರುಪೇರು ಇರುತ್ತದೆ. ಕೆಲವು ಪ್ರದೇಶಗಳನ್ನು ಮಾತ್ರ ಹೊರಗಿಟ್ಟರೆ ಉಳಿದ ಕಡೆ ನಡೆಯುತ್ತಲೇ ಇರುತ್ತದೆ, ಅಷ್ಟು ತೊಂದರೆ ಇಲ್ಲ. ಆದರೆ ಒಂದು ನೋಡಿಕೊಳ್ಳಿ. ನಿಲ್ಲಿಸಿದ ಕಡೆಯ ದುಡ್ಡು ಉಳಿದ ಪ್ರದೇಶಗಳಿಗೆ ಹರಿಯಬಾರದು. ಬಜೆಟ್ ಅಷ್ಟೇ ಕಡಿಮೆ ಮಾಡಬೇಕು. ಇಲ್ಲದಿದ್ದರೆ ನಡೆದ ಕಡೆ ಖರ್ಚು ಏರಿ ಹೋಲಿಕೆ ಕೆಡುತ್ತದೆ.

ಲೆಕ್ಕದಮನೆ
ಏಜೆನ್ಸಿಗೆ ಕೊಡುವ ದುಡ್ಡು ಖರ್ಚಿನ ಶೇಕಡಾವಾರು ಇದೆಯಾ? ಇದ್ದರೆ ಖರ್ಚು ಕಡಿಮೆ ಮಾಡುವ ಪರೀಕ್ಷೆಗೆ ಅವರು ಯಾಕೆ ಒಪ್ಪುತ್ತಾರೆ? ಮೊದಲು ಆ ಕರಾರು ಬದಲಿಸಿ.

ಮೀಟಿಂಗ್‌ಮುಗೀತಾ
ಶೇಕಡಾವಾರೇ. ಇದನ್ನು ನಾವು ಯೋಚನೆ ಮಾಡಿರಲಿಲ್ಲ.

ರಶ್ಮಿ_ಬ್ರ್ಯಾಂಡ್
ಎಲ್ಲ ಏಜೆನ್ಸಿಗಳೂ ಹಾಗಲ್ಲ. ನಾವು ಈಗ ನಿಗದಿ ಶುಲ್ಕ ಕೊಡುತ್ತೇವೆ, ಪರೀಕ್ಷೆಯನ್ನು ಅವರೇ ಮಾಡಿಕೊಡುತ್ತಾರೆ. ಆದರೆ ಇದು ಬೇರೆ ವಿಷಯ. ಸುಮಾ ಅವರ ಭಾಷಣಕ್ಕೆ ಬರೋಣ.

ಸುಮಾ_ಪ್ರಚಾರ
ಹೌದು. ನಾನು ಕೇಳುವ ತೀರ್ಮಾನ ಏನಿರಬೇಕು? ಸೋಷಿಯಲ್ ನಿಲ್ಲಿಸಿ ಅನ್ನಲಾ?

ಅಳತೆಗೋಲು
ಬೇಡ. ನಿಮ್ಮ ಪರೀಕ್ಷೆ ಹೋಲಿಸಿದ್ದು 40ರ ಮಟ್ಟವನ್ನೂ ಸೊನ್ನೆಯನ್ನೂ. 20ರ ಮಟ್ಟದಲ್ಲಿ ಏನಾಗುತ್ತದೆ ಅಂತ ಅದು ಹೇಳುವುದಿಲ್ಲ. ಜಾಹೀರಾತಿನಲ್ಲಿ ಮೊದಲು ಹಾಕಿದ ದುಡ್ಡು ಸಾಮಾನ್ಯವಾಗಿ ಜಾಸ್ತಿ ದುಡಿಯುತ್ತದೆ, ಆಮೇಲೆ ಹಾಕಿದ್ದು ಕಡಿಮೆ. ಕೊಳ್ಳುವ ಮನಸ್ಸು ಇರುವವರಿಗೆ ಮೊದಲು ತೋರಿಸುತ್ತಾರೆ, ದುಡ್ಡು ಹೆಚ್ಚಿದಂತೆ ಮನಸ್ಸಿಲ್ಲದವರಿಗೂ ತೋರಿಸುತ್ತಾ ಹೋಗುತ್ತಾರೆ. ಸರಾಸರಿ 1.5 ಆದರೂ, ಮೊದಲ 20 ಪ್ರತಿ 1ಕ್ಕೆ 2.2 ತಂದು, ಆಮೇಲಿನ 20 ಬರೀ 0.8 ತಂದಿರಬಹುದು. ಇದು ಉದಾಹರಣೆ ಮಾತ್ರ, ನಿಮ್ಮದು ಹೀಗೇ ಇದೆ ಅಂತಲ್ಲ. ಇದ್ದರೆ ಅರ್ಧ ಕಡಿಮೆ ಮಾಡುವುದು ಸರಿ, ಪೂರ್ತಿ ನಿಲ್ಲಿಸುವುದು ಅವಸರ.

ಹಾಗಾಗಿ ಕೇಳಬೇಕಾದದ್ದು ಇದು: ಮುಂದಿನ ಕ್ವಾರ್ಟರ್ ಸೋಷಿಯಲ್ ಅನ್ನು 40ರಿಂದ 20ಕ್ಕೆ ಇಳಿಸುತ್ತೇವೆ. ಪ್ರದೇಶಗಳನ್ನು ಮೂರು ಗುಂಪು ಮಾಡಿ ಪೂರ್ತಿ, ಅರ್ಧ, ಸೊನ್ನೆ ಅಂತ ನಡೆಸುತ್ತೇವೆ. ಮೂರೂ ಸಮ ಗಾತ್ರ ಇದ್ದರೆ ಒಟ್ಟು ಖರ್ಚು ಹೇಗೂ ಅರ್ಧಕ್ಕೇ ಬರುತ್ತದೆ.

ಮೀಟಿಂಗ್‌ಮುಗೀತಾ
ಆಹಾ, ಇಳಿಸುವುದೂ ಪರೀಕ್ಷೆಯೂ ಒಂದೇ ಏಟಿಗೆ. ಇದು ಚೆನ್ನಾಗಿದೆ.

ಅಳತೆಗೋಲು
ಆದರೆ ಗುಂಪು ಮೂರಾದರೆ ಪ್ರತಿ ಗುಂಪು ಚಿಕ್ಕದಾಗುತ್ತದೆ, ಅಲುಗಾಟ ಜಾಸ್ತಿ ಆಗುತ್ತದೆ. 4 ವಾರ ಸಾಲುವುದಿಲ್ಲ, 8 ವಾರ ಬೇಕು. ಹಳೆಯ ಡೇಟಾದಲ್ಲಿ ಅದೇ ಥರ ಸುಳ್ಳು ಪರೀಕ್ಷೆ ಮಾಡಿ ನೋಡಿಯೇ ಶುರು ಮಾಡಿ.

ಎರಡನೆಯದು, ನಿಮ್ಮ ಹೆಸರಿನ ಸರ್ಚ್. 15 ಹಾಕಿ 150 ತಂದಿದೆ ಅಂತ ತೋರಿಸುವುದು ಅದೇ. ಅದರ ಬಗ್ಗೆ ನಿಮಗೆ ಅನುಮಾನ ಬರಬೇಕು. ನಿಮ್ಮ ಹೆಸರನ್ನೇ ಟೈಪ್ ಮಾಡಿದವರು ನಿಮ್ಮನ್ನು ಹುಡುಕಿಕೊಂಡೇ ಬಂದವರು. ಈಬೇ ಕಂಪನಿ 2012ರಲ್ಲಿ ತನ್ನ ಹೆಸರಿನ ಪದಗಳ ಜಾಹೀರಾತು ನಿಲ್ಲಿಸಿ ನೋಡಿತು. ಹೋದ ಕ್ಲಿಕ್‌ಗಳಲ್ಲಿ 99.5 ಶೇಕಡಾ ಕೆಳಗಿನ ಉಚಿತ ಫಲಿತಾಂಶದ ಮೂಲಕ ವಾಪಸ್ ಬಂದವು. 2015ರಲ್ಲಿ ಎಕನಾಮೆಟ್ರಿಕಾ ಪತ್ರಿಕೆಯಲ್ಲಿ ಆ ಅಧ್ಯಯನ ಬಂತು.

ಕ್ಲಿಕ್‌ರಾಜ
ಈಬೇ ಎಲ್ಲರಿಗೂ ಗೊತ್ತಿರುವ ಹೆಸರು! ನಮ್ಮ ಹೆಸರು ಹುಡುಕಿದಾಗ ಮೇಲೆ ಪ್ರತಿಸ್ಪರ್ಧಿಯ ಜಾಹೀರಾತು ಬರುತ್ತದೆ. ನಾವು ನಿಲ್ಲಿಸಿದರೆ ಗಿರಾಕಿ ಅವರ ಪಾಲು. ಸುಮಾ ಮೇಡಂ, ಇದನ್ನು ಮಾತ್ರ ಮುಟ್ಟಬೇಡಿ.

ಅಳತೆಗೋಲು
ಈ ಮಾತು ಸರಿ ಇದೆ. ಪ್ರತಿಸ್ಪರ್ಧಿ ನಿಮ್ಮ ಹೆಸರಿಗೆ ದುಡ್ಡು ಕಟ್ಟುತ್ತಿದ್ದರೆ ಫಲ ಬೇರೆ ಬರಬಹುದು. ಅದಕ್ಕೇ ಈಬೇ ಅಂಕಿಯನ್ನು ನಿಮ್ಮ ಅಂಕಿ ಅಂತ ಬೋರ್ಡ್‌ಗೆ ಹೇಳಬಾರದು. ಅನುಮಾನಕ್ಕೆ ಕಾರಣ ಇದೆ, ಆದ್ದರಿಂದ ನಮ್ಮ ಕೆಲವು ಪ್ರದೇಶಗಳಲ್ಲಿ ನೋಡುತ್ತೇವೆ ಅಂತ ಮಾತ್ರ ಹೇಳಬೇಕು. ಸೋಷಿಯಲ್ ಪರೀಕ್ಷೆಯ ಜೊತೆಗೇ ಬೇಡ, ಅದು ಮುಗಿದ ಮೇಲೆ. ಎರಡನ್ನೂ ಒಂದೇ ಕಡೆ ಒಟ್ಟಿಗೆ ಅಲ್ಲಾಡಿಸಿದರೆ ಯಾವುದರಿಂದ ಏನಾಯಿತು ಅಂತ ಬಿಡಿಸಲು ಆಗುವುದಿಲ್ಲ.

ಸುಮಾ_ಪ್ರಚಾರ
ಎಲ್ಲರ ಮಾತು ಸೇರಿಸಿ ಹಂದರ ಬರೆದಿದ್ದೇನೆ. ಮಾತು 7 ನಿಮಿಷ, ಉಳಿದದ್ದು ಪ್ರಶ್ನೆಗೆ. ಬಾಯಲ್ಲಿ ಹೇಳುವ ಹಾಗೇ ಹಾಕುತ್ತೇನೆ.

ಶುರು (ಅರ್ಧ ನಿಮಿಷ): "ಕಳೆದ ಸಲ ನೀವು ಕೇಳಿದ್ದು, ಜಾಹೀರಾತು ಇಲ್ಲದಿದ್ದರೂ ಈ ಮಾರಾಟ ಆಗುತ್ತಿತ್ತಾ ಅಂತ. ನಮ್ಮ ಅತಿ ದೊಡ್ಡ ಖರ್ಚಾದ ಸೋಷಿಯಲ್ ಮಟ್ಟಿಗೆ ಈಗ ಉತ್ತರ ಇದೆ. ಡ್ಯಾಶ್‌ಬೋರ್ಡ್ ಹೇಳಿದ್ದರಲ್ಲಿ ಸುಮಾರು ಮೂರನೇ ಒಂದು ಭಾಗ ಜಾಹೀರಾತಿನಿಂದ ಬಂದದ್ದು, ಉಳಿದದ್ದು ಹೇಗೂ ಬರುತ್ತಿತ್ತು. ಇವತ್ತು ಆ ಖರ್ಚನ್ನು ಅರ್ಧಕ್ಕೆ ಇಳಿಸಲು ಒಪ್ಪಿಗೆ ಕೇಳುತ್ತಿದ್ದೇನೆ."

ಆಮೇಲೆ ಪುಸ್ತಕದ ಲೆಕ್ಕ (ಒಂದೂವರೆ ನಿಮಿಷ): "ಡ್ಯಾಶ್‌ಬೋರ್ಡ್‌ಗಳನ್ನು ಕೂಡಿದರೆ 580. ಕಂಪನಿ ಮಾರಿದ್ದು 480. ಒಂದೇ ಮಾರಾಟವನ್ನು ಇಬ್ಬರು ಮೂವರು ತಮ್ಮದು ಅನ್ನುತ್ತಾರೆ, ವಾಪಸ್ ಬಂದದ್ದನ್ನು ಕಳೆಯುವುದಿಲ್ಲ. ಇನ್ನು ಮುಂದೆ ಈ ಮೇಜಿಗೆ ಪುಸ್ತಕದ ಅಂಕಿ ಮಾತ್ರ ಬರುತ್ತದೆ. ಹೋಲಿಕೆಗಾಗಿ ಹಳೆಯ ಅಳತೆಯನ್ನು ಪಕ್ಕದಲ್ಲಿ ಇಟ್ಟಿದ್ದೇನೆ."

ನಂತರ ಪರೀಕ್ಷೆ (ಮೂರು ನಿಮಿಷ). ಒಂದೇ ಚಾರ್ಟ್, ಎರಡು ಗೆರೆ. 8 ವಾರ ಜೊತೆಜೊತೆಗೆ ಹೋಗಿ, ನಿಲ್ಲಿಸಿದ ಮೇಲೆ ಬೇರೆ ಆಗುತ್ತವೆ. 76, 67, ನಡುವೆ 9, ಸಹಜ ಅಲುಗಾಟ 3. ಪ್ರತಿ 1ಕ್ಕೆ 1ರಿಂದ 2. ಬೇಕಾದದ್ದು ಎಷ್ಟು ಎಂಬುದು ಫೈನಾನ್ಸ್ ಡೈರೆಕ್ಟರ್ ಕೊಡುವ ಮಾರ್ಜಿನ್ ಮೇಲೆ.

ಕೊನೆಗೆ ತೀರ್ಮಾನ (ಎರಡು ನಿಮಿಷ): ಮೂರು ಗುಂಪಿನ ಪರೀಕ್ಷೆ, 8 ವಾರ. "ಅರ್ಧ ಮಟ್ಟದಲ್ಲೂ ಪ್ರತಿ 1ಕ್ಕೆ ಬೇಕಾದಷ್ಟು ಬರದಿದ್ದರೆ, ಮರುಖರೀದಿಯೂ ಕೊರತೆ ತುಂಬದಿದ್ದರೆ, ನಾನೇ ಬಂದು ನಿಲ್ಲಿಸಿ ಅನ್ನುತ್ತೇನೆ."

ಬೋರ್ಡ್‌ರೂಂ_ಹಿರಿಯ
ಕೊನೆಯ ವಾಕ್ಯ ಬಹಳ ಗಟ್ಟಿ ಇದೆ. ಆದರೆ "ಬೇಕಾದಷ್ಟು" ಅಂದರೆ ಎಷ್ಟು ಅಂತ ಅಂಕಿ ಹಾಕಿ. ಅದನ್ನು ಮಿನಿಟ್ಸ್‌ನಲ್ಲಿ ಬರೆಯಿಸಿ. ಇನ್ನೊಂದು, ಉಳಿದ 20ನ್ನು ಏನು ಮಾಡುತ್ತೀರಿ ಅಂತ ಯಾರಾದರೂ ಕೇಳೇ ಕೇಳುತ್ತಾರೆ. ಬೇರೆ ಸರ್ಚ್‌ಗೆ ಹಾಕುತ್ತೇನೆ ಅನ್ನಬೇಡಿ. ಅಲ್ಲಿ ಇನ್ನೂ ಪರೀಕ್ಷೆಯೇ ಆಗಿಲ್ಲ.

ಲೆಕ್ಕದಮನೆ
ವಾಪಸ್ ಕೊಡಿ. ಖರ್ಚಾಗದ ದುಡ್ಡನ್ನು ವಾಪಸ್ ಕೊಟ್ಟ ಮಾರ್ಕೆಟಿಂಗ್ ಹೆಡ್ ಮಾತನ್ನು ಮುಂದಿನ ಸಲ ಗಮನ ಕೊಟ್ಟು ಕೇಳುತ್ತಾರೆ.

ರಶ್ಮಿ_ಬ್ರ್ಯಾಂಡ್
ಇದನ್ನು ನಾನು ಒಪ್ಪುವುದಿಲ್ಲ. ಒಮ್ಮೆ ಕೊಟ್ಟ ದುಡ್ಡು ಬಜೆಟ್‌ಗೆ ತಿರುಗಿ ಬರುವುದು ಬಹಳ ಕಷ್ಟ. ಫಲ ಬರುವವರೆಗೆ ಕಾದಿಡಿ ಅಂತ ಕೇಳಿ. ಹೊಸ ಗಿರಾಕಿಗಳು ಕಡಿಮೆ ಆಗುತ್ತಿದ್ದಾರೆ ಅಂತ ಕಂಡರೆ ತಕ್ಷಣ ಹಾಕಲು ಬೇಕಾಗುತ್ತದೆ.

ಲೆಕ್ಕದಮನೆ
ಕಾದಿಟ್ಟ ದುಡ್ಡು ಕ್ವಾರ್ಟರ್ ಕೊನೆಯ ವಾರದಲ್ಲಿ ಹೇಗೆ ಖರ್ಚಾಗುತ್ತದೆ ಅಂತ ನಾನು ಬಹಳ ಸಲ ನೋಡಿದ್ದೇನೆ ಮೇಡಂ.

ಸುಮಾ_ಪ್ರಚಾರ
ಇದರ ಬಗ್ಗೆ ಇನ್ನೂ ಯೋಚಿಸುತ್ತೇನೆ. ಹೊಸಬರು, ಹಳಬರ ವಿವರ ಬಂತು. 9ರಲ್ಲಿ ಸುಮಾರು 6 ಹೊಸ ಗಿರಾಕಿಗಳದ್ದು. ಮಾರ್ಜಿನ್ ಬಗ್ಗೆ ಫೈನಾನ್ಸ್ ಡೈರೆಕ್ಟರ್ ಹತ್ತಿರ ಗುರುವಾರ ಸಮಯ ತೆಗೆದುಕೊಂಡಿದ್ದೇನೆ.

ರಶ್ಮಿ_ಬ್ರ್ಯಾಂಡ್
ಆರು ಹೊಸಬರದ್ದಾ! ಹಾಗಾದರೆ ಮರುಖರೀದಿ ಲೆಕ್ಕವನ್ನು ಭಾಷಣದ ಒಳಗೇ ತನ್ನಿ, ಪ್ರಶ್ನೆ ಬಂದಾಗ ಹೇಳೋಣ ಅಂತ ಬಿಡಬೇಡಿ.

ಅಳತೆಗೋಲು
ತನ್ನಿ, ಆದರೆ ಅಲುಗಾಟ ಇಲ್ಲೂ ಇದೆ. 9ನ್ನು ಒಡೆದಾಗ ಪ್ರತಿ ತುಂಡು ಇನ್ನಷ್ಟು ಮಸುಕು. "ಹೆಚ್ಚಿನ ಪಾಲು ಹೊಸಬರದ್ದು" ಅಂತ ಹೇಳಿ ನಿಲ್ಲಿಸಿ. ಹೊಸಬರ ಮರುಖರೀದಿ ತೆಗೆಯುವಾಗ ಸೋಷಿಯಲ್‌ನಿಂದ ಬಂದವರನ್ನು ಬೇರೆ ಮಾಡಿ ನೋಡಿ. ರಿಯಾಯಿತಿ ಜಾಹೀರಾತು ನೋಡಿ ಬಂದವರು ಉಳಿದವರಿಗಿಂತ ಕಡಿಮೆ ವಾಪಸ್ ಬರುವುದು ಸಾಮಾನ್ಯ. ಇಡೀ ಕಂಪನಿಯ ಸರಾಸರಿ ಹಾಕಿದರೆ ಫೈನಾನ್ಸ್ ಡೈರೆಕ್ಟರ್ ಗುರುವಾರವೇ ಅದನ್ನು ಹಿಡಿಯುತ್ತಾರೆ.